ನೋಡಿದ್ದೆಷ್ಟು, ಓಡಿಸಿದ್ದೆಷ್ಟು?

ಆನ್‌ಲೈನ್ ಟ್ಯೂಷನ್‌ಗೆ ಮಗುವನ್ನು ಸೇರಿಸಿದ ಅಪ್ಪ ಅಮ್ಮಂದಿರ ಕಣ್ಣು ಮೊದಲು ಹೋಗುವುದು ವಿಷಯದ ಹೆಸರಿನ ಕೆಳಗಿರುವ ಹಸಿರು ಗೆರೆಯ ಮೇಲೆ. ‘ಗಣಿತ: 82% ಪೂರ್ಣ’. ಮೇಷ್ಟ್ರು ಹಾಜರಿ ಕೂಗದ, ಪಕ್ಕದ ಬೆಂಚಿನವನು ಚಾಡಿ ಹೇಳದ ತರಗತಿಯಲ್ಲಿ ಆ ಗೆರೆಯೇ ಹಾಜರಿ ಪುಸ್ತಕ. ಆ 82 ಎಲ್ಲಿಂದ ಬಂತು ಎಂದು ಕೇಳುವವರು ಮಾತ್ರ ಕಡಿಮೆ. ಹುಡುಗ ಅವನೇ, ಪಾಠ ಅದೇ, ಸಂಜೆಯೂ ಅದೇ. ಲೆಕ್ಕ ಹಾಕುವ ಕ್ರಮ ಬೇರೆಯಾದರೆ 55 ಬರಬಹುದು, 100 ಕೂಡ ಬರಬಹುದು.

ಹತ್ತನೇ ತರಗತಿಯ ‘ವರ್ಗ ಸಮೀಕರಣಗಳು’ ಅಧ್ಯಾಯದ ಒಂದು ವಿಡಿಯೊ ಇದೆ ಎಂದುಕೊಳ್ಳಿ. ಉದ್ದ 20 ನಿಮಿಷ. ಹುಡುಗ ಮೊದಲ 5 ನಿಮಿಷ ನೋಡುತ್ತಾನೆ, ಬೇಸರವಾಗಿ 16ನೇ ನಿಮಿಷಕ್ಕೆ ಜಿಗಿಯುತ್ತಾನೆ, ಅಲ್ಲಿಂದ ಕೊನೆಯವರೆಗೆ ನೋಡುತ್ತಾನೆ. ಉತ್ತರ ಬಂದದ್ದು ಹೇಗೆ ಎಂದು ತಿಳಿಯದೆ 3ನೇ ನಿಮಿಷಕ್ಕೆ ಮರಳಿ 7ರವರೆಗೆ ಮತ್ತೆ ನೋಡಿ, ಫೋನ್ ಕೆಳಗಿಡುತ್ತಾನೆ.

ಸೋಮಾರಿ ಲೆಕ್ಕವೊಂದಿದೆ: ಹುಡುಗ ತಲುಪಿದ ಅತಿ ದೂರದ ಜಾಗ ಯಾವುದೆಂದು ನೋಡುವುದು. ಅವನು 20ನೇ ನಿಮಿಷ ಮುಟ್ಟಿದ್ದಾನೆ, ಆದ್ದರಿಂದ 100%. ಬೆರಳನ್ನು ಒಮ್ಮೆ ಬಲಕ್ಕೆ ಎಳೆದರೆ ಪಾಠ ಮುಗಿಯಿತು! ಮಕ್ಕಳಿಗೆ ಈ ಗುಟ್ಟು ಗೊತ್ತಾಗಲು ಎರಡು ದಿನ ಬೇಡ. ಎರಡನೆಯದು, ವಿಡಿಯೊ ಓಡಿದ ಹೊತ್ತನ್ನೆಲ್ಲ ಕೂಡಿಸುವುದು: 5, 4, ಮತ್ತೆ 4, ಒಟ್ಟು 13 ನಿಮಿಷ, ಅಂದರೆ 65%. ಇದರಲ್ಲಿ 3ರಿಂದ 5ರವರೆಗಿನ ತುಂಡು ಎರಡು ಸಲ ಸೇರಿಕೊಂಡಿದೆ. ಈ ದಾರಿಯಲ್ಲಿ ಮೊದಲ 5 ನಿಮಿಷವನ್ನೇ ನಾಲ್ಕು ಸಲ ನೋಡಿದವನೂ ನೂರಕ್ಕೆ ನೂರು ಪಡೆಯುತ್ತಾನೆ.

ಸರಿಯಾದ ಲೆಕ್ಕ ಮೂರನೆಯದು. ವಿಡಿಯೊದ ಎಲ್ಲಿಂದ ಎಲ್ಲಿಯವರೆಗೆ ನೋಡಿದ್ದಾನೆ ಎಂಬ ತುಂಡುಗಳನ್ನು ಸೆಕೆಂಡುಗಳಲ್ಲಿ ಬರೆದಿಟ್ಟು, ಒಂದರ ಮೇಲೊಂದು ಬಿದ್ದವನ್ನು ಬೆಸೆಯುವುದು:

```
[0,300] [960,1200] [180,420]
-> [0,420] [960,1200]
420 + 240 = 660;  660 / 1200 = 55%
```

55 ಎಂಬ ಅಂಕಿಗಿಂತ ಬೆಲೆಬಾಳುವುದು ನಡುವಿನ ಖಾಲಿ ಜಾಗ. 7ರಿಂದ 16ನೇ ನಿಮಿಷದವರೆಗೆ ಹುಡುಗ ಏನನ್ನೂ ನೋಡಿಲ್ಲ. ಮಧ್ಯಪದವನ್ನು ಒಡೆದು ಅಪವರ್ತಿಸುವುದನ್ನು ಮೇಷ್ಟ್ರು ಹೇಳಿಕೊಟ್ಟದ್ದು ಅಲ್ಲಿಯೇ ಆಗಿದ್ದರೆ, ಅವನಿಗೆ ಉತ್ತರ ಅರ್ಥವಾಗದ್ದಕ್ಕೆ ಕಾರಣ ಹುಡುಕುತ್ತ ಬೇರೆಲ್ಲೂ ಹೋಗಬೇಕಿಲ್ಲ.

ಈ ತುಂಡುಗಳು ಸಿಗುವುದು ಹೇಗೆ? ವಿಡಿಯೊ ಓಡುತ್ತಿರುವಷ್ಟು ಹೊತ್ತೂ ಬ್ರೌಸರ್ `timeupdate` ಎಂಬ ಸೂಚನೆ ಕೊಡುತ್ತಿರುತ್ತದೆ, ಸೆಕೆಂಡಿಗೆ ಸಾಮಾನ್ಯವಾಗಿ ನಾಲ್ಕು ಸಲವಾದರೂ. ಆಗ `currentTime` ನೋಡಿದರೆ ಪಾಠ ಯಾವ ಸೆಕೆಂಡಿನಲ್ಲಿದೆ ಎಂದು ತಿಳಿಯುತ್ತದೆ. ಗೆರೆಯನ್ನು ಎಳೆದು ಜಿಗಿದರೆ `seeking` ಎಂಬ ಬೇರೆ ಸೂಚನೆ ಬರುತ್ತದೆ. ಅಲ್ಲಿಗೆ ಒಂದು ತುಂಡು ಮುಗಿದು ಹೊಸದು ಶುರು. ಇದನ್ನೆಲ್ಲ ಕ್ಷಣಕ್ಷಣಕ್ಕೂ ಸರ್ವರಿಗೆ ಕಳಿಸುತ್ತ ಕೂತರೆ ಹಳ್ಳಿಯ ನೆಟ್‌ವರ್ಕ್ ತಡೆದುಕೊಳ್ಳುವುದಿಲ್ಲ. ಹಾಗಾಗಿ ಹತ್ತೋ ಹದಿನೈದೋ ಸೆಕೆಂಡಿಗೊಮ್ಮೆ ಒಟ್ಟು ಮಾಡಿ ಕಳಿಸುವುದು ರೂಢಿ. ನೆಟ್‌ವರ್ಕ್ ಇಲ್ಲದಾಗ ಲೆಕ್ಕ ಫೋನಿನಲ್ಲೇ ಕಾದಿದ್ದು, ಸಿಕ್ಕಾಗ ಹೋಗಬೇಕು. ‘ಮಗ ಪೂರ್ತಿ ನೋಡಿದ, ಆದರೂ 93 ಅಂತಲೇ ತೋರಿಸ್ತಿದೆ ಸಾರ್’ ಎಂಬ ದೂರಿನ ಹಿಂದೆ ಹಲವು ಸಲ ಇರುವುದು ಕಳಿಸುವ ಮೊದಲೇ ಮುಚ್ಚಿಹೋದ ಆ ಕೊನೆಯ ತುಂಡು. ಇದಕ್ಕಾಗಿಯೇ 90% ದಾಟಿದರೆ ‘ಪೂರ್ಣ’ ಎಂದು ಒಪ್ಪಿಕೊಳ್ಳುವುದು ಜಾಣತನ. ಮೇಷ್ಟ್ರು ಕೊನೆಗೆ ಹೇಳುವ ‘ಮುಂದಿನ ತರಗತಿಯಲ್ಲಿ ಸಿಗೋಣ’ವನ್ನು ಯಾರೂ ಕೂತು ಕೇಳುವುದಿಲ್ಲ.

ಇನ್ನು ವೇಗ. ಎರಡು ಪಟ್ಟು ವೇಗದಲ್ಲಿ ನೋಡುವುದು ಮೋಸವಲ್ಲ. 20 ನಿಮಿಷದ ಪಾಠ 10 ನಿಮಿಷದಲ್ಲಿ ಮುಗಿದರೂ ಪಾಠದ ಸೆಕೆಂಡುಗಳನ್ನೇ ಎಣಿಸಬೇಕು. ಆದರೆ ಎರಡು ಪಟ್ಟೇ ಮಿತಿಯಾಗಿರುವ ಕಡೆ, ನೆಟ್‌ವರ್ಕ್ ಸರಿಯಿದ್ದಾಗಲೇ ಸರ್ವರಿನ ಗಡಿಯಾರದ 4 ನಿಮಿಷದಲ್ಲಿ ಪೂರ್ತಿ ಪಾಠ ದಾಖಲಾಗಿದ್ದರೆ ಎಲ್ಲೋ ಕೈಚಳಕ ನಡೆದಿದೆ, ಇಲ್ಲವೇ ಲೆಕ್ಕ ಬರೆಯುವ ಕೋಡ್ ಕೆಟ್ಟಿದೆ.

ಇದು ಭಾಗಾಕಾರದ ಮೇಲಿನ ಅಂಕಿಯ ಕತೆ. ಕೆಳಗಿನ ಅಂಕಿ ಬರುವುದು ಕೋರ್ಸ್ ಪಟ್ಟಿಯಿಂದ, ಅದರ ತಂಟೆಯೇ ಬೇರೆ. ಒಂದು ಕೋರ್ಸಿನಲ್ಲಿ 40 ಪಾಠಗಳಿದ್ದು ಹುಡುಗಿಯೊಬ್ಬಳು 30 ಮುಗಿಸಿದ್ದಾಳೆ: 75%. ಡಿಸೆಂಬರಿನಲ್ಲಿ ಮೇಷ್ಟ್ರು ಒಳ್ಳೆಯ ಮನಸ್ಸಿನಿಂದಲೇ ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವ 10 ವಿಡಿಯೊ ಸೇರಿಸುತ್ತಾರೆ. ಮರುದಿನ ಬೆಳಿಗ್ಗೆ ಅವಳ ಗೆರೆ 60ಕ್ಕೆ ಕುಸಿದಿರುತ್ತದೆ. ಓದಿದ್ದು ಕಡಿಮೆಯಾಗಿಲ್ಲ, ಓದಬೇಕಾದದ್ದು ಹೆಚ್ಚಿದೆ. ಮನೆಯಲ್ಲಿ ಬೈಗುಳ ಅವಳಿಗೇ. ಇಂಥವನ್ನು ‘ಹೆಚ್ಚುವರಿ’ ಎಂದು ಬೇರೆ ಸಾಲಿನಲ್ಲಿಟ್ಟು ಶೇಕಡಾ ಲೆಕ್ಕದಿಂದ ಹೊರಗಿಡುವುದು ಒಳ್ಳೆಯದು. ನನ್ನನ್ನು ಕೇಳಿದರೆ ಶೇಕಡಾವೇ ಬೇಡ, ‘40ರಲ್ಲಿ 30, ಹೊಸದು 10’ ಎಂದರೆ ಸಾಕು.

ತಪ್ಪಿದ್ದ ವಿಡಿಯೊವನ್ನು ಮತ್ತೆ ಚಿತ್ರೀಕರಿಸಿ ಹಾಕಿದಾಗ ಇದಕ್ಕಿಂತ ಕೆಟ್ಟದ್ದು ನಡೆಯುತ್ತದೆ. ಪ್ರಗತಿಯ ಲೆಕ್ಕವನ್ನು ವಿಡಿಯೊ ಫೈಲಿನ ಸಂಖ್ಯೆಗೆ ಕಟ್ಟಿದ್ದರೆ, ಹಳೆಯ ಫೈಲಿನ ಜೊತೆ ಆ ಪಾಠ ಮುಗಿಸಿದ ಎಲ್ಲರ ಲೆಕ್ಕವೂ ಮಾಯ. ಪಟ್ಟಿಯಲ್ಲಿ ಪಾಠಕ್ಕೆ ತನ್ನದೇ ಒಂದು ಗುರುತಿನ ಸಂಖ್ಯೆ ಇರಬೇಕು, ವಿಡಿಯೊ ಅದಕ್ಕೆ ಅಂಟಿಕೊಂಡ ಬದಲಾಯಿಸಬಹುದಾದ ವಸ್ತುವಾಗಿರಬೇಕು. ಆಗ ‘ಮುಗಿದಿದೆ’ ಎಂಬ ಗುರುತು ಉಳಿಯುತ್ತದೆ. ಅರ್ಧ ನೋಡಿದವರ ತುಂಡುಗಳನ್ನು ಮಾತ್ರ ಬಿಡಬೇಕಾಗುತ್ತದೆ, ಹೊಸ ವಿಡಿಯೊದ 7ನೇ ನಿಮಿಷದಲ್ಲಿ ಹಳೆಯದರ 7ನೇ ನಿಮಿಷದ ಮಾತೇ ಇರಬೇಕೆಂದಿಲ್ಲವಲ್ಲ.

ಪಾಠ ಎಷ್ಟು ಉದ್ದವಿರಬೇಕು ಎಂಬುದೂ ಪಟ್ಟಿ ಮಾಡುವಾಗಲೇ ತೀರ್ಮಾನವಾಗಬೇಕು. ಎಡ್‌ಎಕ್ಸ್ ಕೋರ್ಸುಗಳ 69 ಲಕ್ಷ ವಿಡಿಯೊ ವೀಕ್ಷಣೆಗಳನ್ನು ಪರಿಶೀಲಿಸಿ ಫಿಲಿಪ್ ಗುವೊ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಿಡಿಯೊ ಎಷ್ಟೇ ಉದ್ದವಿರಲಿ, ವೀಕ್ಷಣೆಯ ಮಧ್ಯಾಂಕ 6 ನಿಮಿಷ ದಾಟಲಿಲ್ಲ. ಅವರೆಲ್ಲ ಹೆಚ್ಚಾಗಿ ತಾವಾಗಿಯೇ ಸೇರಿದ, ಶುಲ್ಕ ಕೊಡದ ಕಲಿಯುವವರು. ಪರೀಕ್ಷೆಯ ಭಯವಿರುವ ನಮ್ಮ ಹತ್ತನೇ ತರಗತಿಯವರಿಗೆ ಅದೇ ಅಂಕಿ ಹೊಂದಬೇಕೆಂದಿಲ್ಲ. ಆದರೂ ಮೇಲಿನ 20 ನಿಮಿಷವನ್ನು ಮೂರು ಪಾಠಗಳಾಗಿ ಕತ್ತರಿಸಿ, ಪ್ರತಿಯೊಂದರ ಕೊನೆಗೆ ಎರಡು ಲೆಕ್ಕ ಕೊಟ್ಟಿದ್ದರೆ, ಹುಡುಗ ಬಿಟ್ಟುಹೋದ ಜಾಗ ಅವನಿಗೇ ಕಾಣುತ್ತಿತ್ತು.

ಏಕೆಂದರೆ ಎಷ್ಟು ನಿಖರವಾಗಿ ಎಣಿಸಿದರೂ ಎಣಿಕೆಗೆ ಸಿಗುವುದು ವಿಡಿಯೊ ಓಡಿದ್ದು, ಕಣ್ಣು ಅದರ ಮೇಲಿತ್ತೇ ಎಂಬುದಲ್ಲ. ಫೋನನ್ನು ಗೋಡೆಗೆ ಒರಗಿಸಿಟ್ಟು ಕ್ರಿಕೆಟ್‌ಗೆ ಹೋದರೂ ಗೆರೆ ಹಸಿರಾಗುತ್ತದೆ. ‘ಇನ್ನೂ ಇದ್ದೀರಾ?’ ಎಂದು ನಡುನಡುವೆ ಕೇಳುವ ಸೈಟುಗಳಿವೆ. ಗಮನವಿಟ್ಟು ಕೇಳುವ ಮಗುವಿಗೆ ಅದು ಕಿರಿಕಿರಿ ಅಷ್ಟೆ. ಐಐಟಿಗಳೂ ಬೆಂಗಳೂರಿನ ಐಐಎಸ್‌ಸಿಯೂ ಸೇರಿ ನಡೆಸುವ ಎನ್‌ಪಿಟಿಇಎಲ್ ಈ ಗೋಜಿಗೇ ಹೋಗಿಲ್ಲ. ಅಲ್ಲಿ ಪ್ರಮಾಣಪತ್ರದ ಅಂಕಕ್ಕೆ ಸಾಮಾನ್ಯವಾಗಿ ವಾರವಾರದ ಅಸೈನ್‌ಮೆಂಟಿನಿಂದ 25 ಪಾಲು, ಮೇಲ್ವಿಚಾರಕರ ಎದುರು ಬರೆಯುವ ಪರೀಕ್ಷೆಯಿಂದ 75 ಪಾಲು. ವಿಡಿಯೊ ನೋಡಿದ್ದಕ್ಕೆ ಏನೂ ಇಲ್ಲ.

ಟ್ಯೂಷನ್ ಸೈಟ್ ಅಷ್ಟು ಕಟ್ಟುನಿಟ್ಟಾಗಬೇಕಿಲ್ಲ, ಆದರೆ ‘ನೋಡಿದ್ದು’ ಮತ್ತು ‘ಬಿಡಿಸಿದ್ದು’ ಎರಡನ್ನೂ ಕಲಸಿ ಒಂದೇ ಗೆರೆ ಮಾಡಬಾರದು. ನೋಡಿದ್ದು 95, ಲೆಕ್ಕ ಸರಿಯಾದದ್ದು 30 ಎಂದಿದ್ದರೆ ಆ ಮಗುವಿಗೆ ಬೇಕಾಗಿರುವುದು ಒಂದು ಫೋನ್ ಕರೆ. ನೋಡಿದ್ದು 40, ಸರಿಯಾದದ್ದು 90 ಎಂದಿದ್ದರೆ ಅವಳಿಗೆ ಈ ಅಧ್ಯಾಯ ಮೊದಲೇ ಬರುತ್ತದೆ, ಉಳಿದದ್ದನ್ನು ನೋಡು ಎಂದು ಪೀಡಿಸುವುದು ಬೇಡ. ಎರಡರ ಸರಾಸರಿ ತೆಗೆದರೆ ಇಬ್ಬರೂ 60ರ ಆಸುಪಾಸಿನಲ್ಲಿ ಅಕ್ಕಪಕ್ಕ ಕೂತಿರುತ್ತಾರೆ, ಫೋನ್ ಯಾರಿಗೆ ಮಾಡಬೇಕೆಂದು ಮೇಷ್ಟ್ರಿಗೆ ಗೊತ್ತಾಗುವುದಿಲ್ಲ.