ನಾನು ಹಾಗೋ, ಹೀಗೋ? ಹದಿನೆಂಟರ ಗೊಂದಲಕ್ಕೆ ಇವತ್ತೇ ಹೆಸರಿಡಬೇಕಾ?

ಪಿಯುಸಿ ಮುಗಿಸಿ ಡಿಗ್ರಿಗೆ ಸೇರಿದ ಒಬ್ಬ ಹುಡುಗ ಅಂತ ಇಟ್ಟುಕೊಳ್ಳಿ. ವಯಸ್ಸು 18. ಅಪ್ಪನದು ಪೇಟೆ ಬೀದಿಯಲ್ಲಿ ಕಿರಾಣಿ ಅಂಗಡಿ, ಸಂಜೆ ಹೊತ್ತು ಗಲ್ಲಾದಲ್ಲಿ ಕೂರೋದು ಇವನೇ. ದಿನಾ ಬಸ್ಸಿನಲ್ಲಿ ಜೊತೆಗೆ ಬರುವ ಗೆಳೆಯ ಒಂದು ದಿನ ಬರಲಿಲ್ಲ ಅಂದ್ರೆ ಇವನಿಗೆ ಏನೋ ಕಳೆದುಕೊಂಡ ಹಾಗೆ. ಅವನು ಪಕ್ಕದಲ್ಲಿ ಬಂದು ಕೂತರೆ ಎದೆ ಹೊಡೆದುಕೊಳ್ಳುತ್ತೆ. ಹಾಗಂತ ಪಿಯುಸಿಯಲ್ಲಿ ಒಬ್ಬ ಹುಡುಗಿ ಮೇಲೂ ಮನಸ್ಸಾಗಿತ್ತು, ಅದೂ ಸುಳ್ಳಲ್ಲ.

ರಾತ್ರಿ ಮೊಬೈಲ್ ಹಿಡಿದರೆ ಒಂದೇ ಹುಡುಕಾಟ. ಹತ್ತು ಪ್ರಶ್ನೆಗೆ ಉತ್ತರ ಕೊಡಿ, ನೀವು ಗೇ ಹೌದೋ ಅಲ್ಲವೋ ಹೇಳ್ತೀವಿ ಅನ್ನುವ ಕ್ವಿಜ್‌ಗಳು ಸಿಗುತ್ತವೆ. ಸೋಮವಾರ ಹೌದು ಅನ್ನುತ್ತೆ, ಗುರುವಾರ ಅಲ್ಲ ಅನ್ನುತ್ತೆ. ಹುಡುಗನಿಗೆ ನಿದ್ದೆ ಇಲ್ಲ.

ಇಂಥ ಗೊಂದಲ ನಮ್ಮ ಊರು, ತಾಲೂಕುಗಳಲ್ಲಿ ಇಲ್ಲ ಅಂತ ಅಂದುಕೊಂಡವರು ಬಹಳ. ಇದೆ, ಹುಡುಗಿಯರಲ್ಲೂ ಇದೆ. ಹೇಳಿಕೊಳ್ಳೋದಕ್ಕೆ ಜಾಗ ಇಲ್ಲ, ಅಷ್ಟೇ.

ಮೂರು ಬೇರೆ ಬೇರೆ ಸಂಗತಿ

ಈ ಹುಡುಗನ ತಲೆಯಲ್ಲಿ ಮೂರು ವಿಷಯ ಕಲಸಿಹೋಗಿವೆ. ಮೊದಲನೆಯದು ಮನಸ್ಸು ಯಾರ ಕಡೆ ಎಳೆಯುತ್ತೆ ಅನ್ನೋದು. ಅದಕ್ಕೆ ಲೈಂಗಿಕ ಒಲವು ಅಂತಾರೆ. ಎರಡನೆಯದು ನಾವು ಏನು ಮಾಡುತ್ತೇವೆ ಅನ್ನೋದು. ಮೂರನೆಯದು ನಮ್ಮನ್ನು ನಾವು ಏನಂತ ಕರೆದುಕೊಳ್ಳುತ್ತೇವೆ ಅನ್ನೋದು: ಗೇ, ಲೆಸ್ಬಿಯನ್, ಬೈಸೆಕ್ಷುಯಲ್, ಅಥವಾ ಇದ್ಯಾವುದೂ ಅಲ್ಲ.

ಎಳೆತ ತಾನಾಗಿ ಬರುವಂಥದ್ದು, ಯಾರೂ ಆರಿಸಿಕೊಂಡು ತಂದದ್ದಲ್ಲ. ಏನು ಮಾಡಬೇಕು, ಏನು ಬೇಡ ಅನ್ನೋದು ನಮ್ಮ ಕೈಲಿದೆ. ಹೆಸರು ಇವೆರಡರ ಮೇಲೆ ಅಂಟಿಸುವ ಚೀಟಿ. ಡಬ್ಬದಲ್ಲಿ ಏನಿದೆ ಅಂತ ಸರಿಯಾಗಿ ನೋಡುವ ಮೊದಲೇ ಚೀಟಿ ಅಂಟಿಸಿದರೆ ಏನಾಗುತ್ತೆ ಅಂತ ಅಂಗಡಿಯವರಿಗೆ ಹೇಳಿಕೊಡಬೇಕಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಲೀಸಾ ಡೈಮಂಡ್ ಒಂದು ಕೆಲಸ ಮಾಡಿದರು. ಲೆಸ್ಬಿಯನ್, ಬೈಸೆಕ್ಷುಯಲ್ ಅಂತ ಹೇಳಿಕೊಂಡಿದ್ದ, ಮತ್ತೆ ಯಾವ ಹೆಸರೂ ಬೇಡ ಅಂದಿದ್ದ 79 ಮಂದಿ ಎಳೆ ವಯಸ್ಸಿನ ಹೆಣ್ಣುಮಕ್ಕಳನ್ನು ಹತ್ತು ವರ್ಷ ಬಿಡದೆ ಮಾತಾಡಿಸಿದರು. ಹತ್ತು ವರ್ಷ ಆಗುವ ಹೊತ್ತಿಗೆ ಮೂರರಲ್ಲಿ ಎರಡು ಪಾಲು ಮಂದಿ ಮೊದಲು ಹೇಳಿದ್ದ ಹೆಸರನ್ನು ಒಮ್ಮೆಯಾದರೂ ಬದಲಿಸಿದ್ದರು. ಕೆಲವರು ಹೆಸರನ್ನೇ ಬಿಟ್ಟಿದ್ದರು. ಗಂಡುಮಕ್ಕಳಿಗೂ ಇದೇ ಲೆಕ್ಕ ಅಂತ ಇದರಿಂದ ಹೇಳೋಕಾಗಲ್ಲ. ಆದರೆ ಹದಿನೆಂಟಕ್ಕೆ ಇಟ್ಟುಕೊಂಡ ಹೆಸರೇ ಇಪ್ಪತ್ತೆಂಟಕ್ಕೂ ಇರಬೇಕು ಅನ್ನುವ ಹಟಕ್ಕೆ ಆಧಾರ ಇಲ್ಲ ಅನ್ನೋದಂತೂ ಗೊತ್ತಾಗುತ್ತೆ.

ಇದನ್ನು ಕೇಳಿ "ನೋಡಿ, ಬದಲಾಗುತ್ತೆ ಅಂದ್ರೆ ಬದಲಾಯಿಸಬಹುದು" ಅನ್ನೋರು ಇದ್ದಾರೆ. ಇಲ್ಲಿ ಎಡವಬೇಡಿ. ತಾನಾಗಿ ಕಾಲಕ್ರಮದಲ್ಲಿ ಹೆಸರು ಬದಲಾಗೋದು ಬೇರೆ, ಬಲವಂತದಿಂದ ಮನಸ್ಸನ್ನು ತಿರುಗಿಸೋದು ಬೇರೆ. ಎರಡನೆಯದು ಆಗೋದಿಲ್ಲ.

ಪರೀಕ್ಷೆ ಮಾಡಿದಷ್ಟೂ ಗೋಜಲು

ಹುಡುಗನ ಕಥೆಗೆ ಬರೋಣ. ಅವನು ಈಗ ತನ್ನನ್ನೇ ಪರೀಕ್ಷೆ ಮಾಡಿಕೊಳ್ಳೋಕೆ ಶುರು ಮಾಡಿದ್ದಾನೆ. ರಸ್ತೆಯಲ್ಲಿ ಹುಡುಗ ಹೋದರೆ ನೋಡಿ "ಈಗ ಏನಾದ್ರೂ ಅನಿಸ್ತಾ?", ಹುಡುಗಿ ಹೋದರೆ "ಈಗ?" ಅಂತ ಲೆಕ್ಕ ಹಾಕುತ್ತಾನೆ. ತೊಂದರೆ ಏನಂದ್ರೆ, ಹೆದರಿಕೆಯಲ್ಲೂ ಎದೆ ಹೊಡೆದುಕೊಳ್ಳುತ್ತೆ, ಇಷ್ಟಪಟ್ಟಾಗಲೂ ಹೊಡೆದುಕೊಳ್ಳುತ್ತೆ. ಯಾವುದು ಯಾವುದು ಅಂತ ಆ ಹೊತ್ತಿನಲ್ಲಿ ಗೊತ್ತಾಗಲ್ಲ. ಉತ್ತರ ಸಿಕ್ಕಿತು ಅಂತ ಅರ್ಧ ಗಂಟೆ ಸಮಾಧಾನ, ಆಮೇಲೆ ಮತ್ತೆ ಅದೇ ಅನುಮಾನ.

ಪರೀಕ್ಷೆ ಬಿಟ್ಟು ಸುಮ್ಮನೆ ಕೆಲವು ತಿಂಗಳು ಗಮನಿಸಿದರೆ ಹೆಚ್ಚು ತಿಳಿಯುತ್ತೆ. ಮನಸ್ಸು ಯಾರೂ ಕೇಳದಿದ್ದಾಗ, ತಾನಾಗಿ ಯಾರ ಹತ್ತಿರ ಹೋಗುತ್ತೆ? ಆ ಗೆಳೆಯನ ಹಾಗೆ ಆಗಬೇಕು ಅನ್ನಿಸುತ್ತಾ, ಅವನ ಜೊತೆ ಇರಬೇಕು ಅನ್ನಿಸುತ್ತಾ? ಮೆಚ್ಚುಗೆಗೂ ಒಲವಿಗೂ ಇರುವ ಈ ವ್ಯತ್ಯಾಸ ಒಂದು ವಾರದಲ್ಲಿ ತಿಳಿಯಾಗೋದಿಲ್ಲ. ಎರಡೂ ಒಟ್ಟಿಗೇ ಇರಬಹುದು. ಹುಡುಗಿಯ ಮೇಲಿದ್ದ ಮನಸ್ಸು ನಿಜ, ಗೆಳೆಯನ ಮೇಲಿರೋದೂ ನಿಜ ಅಂತಲೇ ಕೊನೆಗೆ ಗೊತ್ತಾಗಬಹುದು.

ಅವಸರದಲ್ಲಿ ಮಾಡುವ ತಪ್ಪುಗಳೂ ಇವೆ. ಒಂದು, "ನಾನು ಸರಿ ಇದ್ದೀನಿ" ಅಂತ ತೋರಿಸೋಕೆ ಯಾವುದೋ ಹುಡುಗಿಗೆ ಪ್ರಪೋಸ್ ಮಾಡೋದು. ಇದರಲ್ಲಿ ಏನೂ ಗೊತ್ತಿಲ್ಲದ ಆ ಹುಡುಗಿಗೆ ಅನ್ಯಾಯ. ಇನ್ನೊಂದು, ವಾಟ್ಸಾಪ್‌ನಲ್ಲಿ ಎಲ್ಲ ಬರೆದು ಗೆಳೆಯನಿಗೆ ಕಳಿಸೋದು. ಸ್ಕ್ರೀನ್‌ಶಾಟ್ ಒಂದು ಸಲ ಗ್ರೂಪಿಗೆ ಬಿತ್ತು ಅಂದ್ರೆ ಸಂಜೆಯೊಳಗೆ ಇಡೀ ಪೇಟೆ ಓದಿರುತ್ತೆ.

ನಮ್ಮ ಹುಡುಗ ಬರೆಯಲಿಲ್ಲ. ಹಬ್ಬಕ್ಕೆ ಊರಿಗೆ ಬಂದ ದೊಡ್ಡಪ್ಪನ ಮಗಳ ಹತ್ತಿರ ಮಹಡಿ ಮೇಲೆ ಕೂತು ಹೇಳಿದ. "ಅಕ್ಕಾ, ನಾನು ಹೆಂಗೆ ಅಂತ ನಂಗೇ ಗೊತ್ತಾಗ್ತಿಲ್ಲ." ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಗೊತ್ತಾದಾಗ ಹೇಳು. ಗೊತ್ತಾಗದೇ ಇದ್ರೂ ನನ್ನ ಹತ್ರ ಬಂದು ಕೂತ್ಕೋ. ಯಾರಿಗೂ ಹೇಳಲ್ಲ" ಅಂದಳು. ಹೌದೋ ಅಲ್ಲವೋ ಅಂತ ಕೇಳಲಿಲ್ಲ. ಯಾವಾಗಿಂದ ಅಂತಲೂ ಕೇಳಲಿಲ್ಲ. ಆ ರಾತ್ರಿ ಹುಡುಗ ಕ್ವಿಜ್ ತೆಗೆಯದೇ ಮಲಗಿದ.

ಮನೆಯವರಿಗೆ ಗೊತ್ತಾದರೆ

"ಮದುವೆ ಮಾಡಿದ್ರೆ ಸರಿಹೋಗ್ತಾನೆ" ಅನ್ನೋದು ಎಲ್ಲ ಕಡೆ ಮೊದಲು ಬರುವ ಮಾತು. ಸರಿಹೋಗೋಕೆ ಇದು ಕಾಯಿಲೆಯೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗಾಸಕ್ತಿಯನ್ನು ಕಾಯಿಲೆಗಳ ಪಟ್ಟಿಯಿಂದ ಕೈಬಿಟ್ಟಿದೆ. ಒಲವನ್ನು ಬದಲಾಯಿಸ್ತೀನಿ ಅಂತ ಚಿಕಿತ್ಸೆ ಕೊಡೋದು ವೃತ್ತಿ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಗ್ಯಾರಂಟಿ ಅಂತ ದುಡ್ಡು ಕೇಳುವ ಡಾಕ್ಟರಾಗಲಿ, ತಾಯತದವರಾಗಲಿ ಇದ್ದರೆ ಅಲ್ಲಿಂದ ಎದ್ದು ಬರೋದೇ ಸರಿ.

ಕಾನೂನಿನ ಭಯವೂ ಕೆಲವರಿಗಿದೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್, ವಯಸ್ಕರು ಒಪ್ಪಿಗೆಯಿಂದ ಖಾಸಗಿಯಾಗಿ ನಡೆಸುವ ಸಲಿಂಗ ಸಂಬಂಧ ಅಪರಾಧ ಅಲ್ಲ ಅಂತ ತೀರ್ಪು ಕೊಟ್ಟಿದೆ. 18 ತುಂಬದವರ ಜೊತೆಗಿನ ಲೈಂಗಿಕ ಸಂಬಂಧಕ್ಕೆ ಪೋಕ್ಸೋ ಕಾಯ್ದೆ ಇದೆ, ಅದು ಗಂಡು ಹೆಣ್ಣು ಎಲ್ಲರಿಗೂ ಒಂದೇ. ಮನಸ್ಸಿನಲ್ಲಿ ಗೊಂದಲ ಇರೋದಕ್ಕೆ ಯಾವ ಕಾನೂನೂ ಅಡ್ಡ ಬರಲ್ಲ.

ಯಾವಾಗ ಸಹಾಯ ಬೇಕು?

ಗೊಂದಲ ಇದ್ದೂ ಊಟ, ನಿದ್ದೆ, ಓದು ನಡೀತಾ ಇದ್ದರೆ ಕಾಯಬಹುದು. ದಿನದಲ್ಲಿ ಗಂಟೆಗಟ್ಟಲೆ ಅದೇ ಯೋಚನೆ, ಮತ್ತೆ ಮತ್ತೆ ತನ್ನನ್ನು ಪರೀಕ್ಷಿಸಿಕೊಳ್ಳೋದು ನಿಲ್ಲಿಸೋಕೇ ಆಗದಿರೋದು, ಹುಡುಗರ ಪಕ್ಕ ಕೂರೋಕೇ ಹೆದರಿ ಕಾಲೇಜು ಬಿಡೋದು, ಹೀಗೆ ವಾರಗಟ್ಟಲೆ ಆದರೆ ಅದು ಆತಂಕದ ತೊಂದರೆ ಇರಬಹುದು. ಚಿಕಿತ್ಸೆ ಬೇಕಾದದ್ದು ಆ ಆತಂಕಕ್ಕೆ, ಒಲವಿಗೆ ಅಲ್ಲ. ಡಾಕ್ಟರ ಹತ್ತಿರ ಹೋದಾಗ ಇದನ್ನು ಹಾಗೇ ಬಿಡಿಸಿ ಹೇಳಬಹುದು.

ಬದುಕೋದು ಬೇಡ ಅನ್ನುವ ಯೋಚನೆ ಒಂದು ಸಲ ಬಂದರೂ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ನಂಬರ್ 14416. ದುಡ್ಡಿಲ್ಲ, ದಿನದ 24 ಗಂಟೆಯೂ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಫೋನ್ ಮಾಡಿದವರು "ನಾನು ಇಂಥವನು" ಅಂತ ಶುರು ಮಾಡಬೇಕಿಲ್ಲ. "ನಿದ್ದೆ ಬರ್ತಿಲ್ಲ, ಒಂದು ವಿಷಯ ತಲೆ ತಿಂತಿದೆ" ಅಂದರೂ ಸಾಕು, ಮಾತು ಅಲ್ಲಿಂದಲೇ ಮುಂದುವರಿಯುತ್ತೆ.