ಬೆರಳಿಗೆ ಮೊದಲು ಮಾತು

ಆ್ಯಪ್‌ ಒಂದಕ್ಕೆ ಹೊಸ ಸೌಲಭ್ಯ ಸೇರಿದಾಗ ಅದನ್ನು ಪರಿಚಯಿಸುವ ಕಿರು ವಿಡಿಯೊದಲ್ಲಿ ಎರಡು ಎಳೆಗಳಿರುತ್ತವೆ. ಒಂದು, ಫೋನಿನ ಪರದೆಯ ಮೇಲೆ ನಡೆಯುವುದನ್ನೆಲ್ಲ ಹಾಗೆಯೇ ಹಿಡಿದಿಡುವ ಸ್ಕ್ರೀನ್ ರೆಕಾರ್ಡಿಂಗ್. ಇನ್ನೊಂದು, ಎಲ್ಲಿ ಒತ್ತಬೇಕು, ಏನಾಗುತ್ತದೆ ಎಂದು ಹೇಳುವ ನಿರೂಪಣೆ. ಇವೆರಡೂ ಕೂಡುವ ಜಾಗವೇ ಟ್ಯಾಪ್, ಅಂದರೆ ಬೆರಳು ಪರದೆಯನ್ನು ಮುಟ್ಟುವ ಕ್ಷಣ. ಮಾತು ಹಿಂದುಳಿದರೆ ನೋಡುವವರ ಕಣ್ಣಿಗೆ ಗುಂಡಿ ಸಿಗುವಷ್ಟರಲ್ಲಿ ಪರದೆ ಬದಲಾಗಿರುತ್ತದೆ. ಮಾತು ಮುಂದೋಡಿದರೆ ಇನ್ನೂ ಕಾಣದ ಗುಂಡಿಯನ್ನು ಅವರು ಹುಡುಕತೊಡಗುತ್ತಾರೆ. ಈ ವಿಡಿಯೊದ ಸ್ಕ್ರಿಪ್ಟ್ ಬರೆಯುವುದೆಂದರೆ ಬರೀ ವಾಕ್ಯ ಬರೆಯುವುದಲ್ಲ, ಪ್ರತಿ ಟ್ಯಾಪಿನ ಸುತ್ತ ಎಷ್ಟು ಹೊತ್ತು ಕಾಯಬೇಕು ಎಂಬುದನ್ನೂ ಬರೆಯುವುದು.

ಒಂದು ಟ್ಯಾಪಿನ ಮೂರು ಭಾಗ

ಬೆರಳು ಮುಟ್ಟುವುದು ಒಂದು ಕ್ಷಣದ ಕೆಲಸವಾದರೂ ನೋಡುವವರಿಗೆ ಅದು ಮೂರು ಭಾಗಗಳಲ್ಲಿ ಕಾಣಬೇಕು. ಮೊದಲನೆಯದು ಹುಡುಕಾಟ: ಪರದೆ ಅಲುಗಾಡದೆ ನಿಂತಿರುತ್ತದೆ, ಕಣ್ಣು ಗುಂಡಿಯನ್ನು ಅರಸುತ್ತದೆ. ಎರಡನೆಯದು ಮುಟ್ಟುವಿಕೆ. ಮೂರನೆಯದು ಫಲ: ಹೊಸ ಪರದೆ ತೆರೆದು ನಿಂತು, ಏನು ಬದಲಾಯಿತೆಂದು ಓದಲು ಬಿಡುವು ಕೊಡುತ್ತದೆ. ಆ್ಯಪ್ ಕಟ್ಟಿದವರಿಗೆ ಮೊದಲ ಮತ್ತು ಮೂರನೆಯ ಭಾಗ ಬೇಕಿಲ್ಲ. ಯಾವ ಗುಂಡಿ ಎಲ್ಲಿದೆ ಎಂಬುದು ಅವರ ಬೆರಳಿಗೇ ಗೊತ್ತು. ಅವರೇ ರೆಕಾರ್ಡ್ ಮಾಡಿದ ವಿಡಿಯೊ ಹೊಸಬರಿಗೆ ವೇಗವಾಗಿ ಕಾಣುವುದು ಇದರಿಂದಲೇ.

ನಿರೂಪಣೆಯ ಮಾತುಗಳೂ ಈ ಮೂರು ಭಾಗಗಳಿಗೆ ಹಂಚಿಹೋಗಬೇಕು. ಗುಂಡಿಯ ಹೆಸರು ಮತ್ತು ಜಾಗ ಹುಡುಕಾಟಕ್ಕೆ ಸೇರಿದ್ದು. ‘ಒತ್ತಿ’, ‘ಆರಿಸಿ’ ಎಂಬ ಕ್ರಿಯಾಪದ ಮುಟ್ಟುವಿಕೆಗೆ ಸೇರಿದ್ದು. ಕಾರಣ, ಷರತ್ತು, ಎಚ್ಚರಿಕೆಗಳು ಫಲಕ್ಕೆ ಸೇರಿದವು.

ಇಲ್ಲಿ ಕನ್ನಡದ ವಾಕ್ಯರಚನೆ ತಾನಾಗಿ ನೆರವಿಗೆ ಬರುತ್ತದೆ. ಇಂಗ್ಲಿಷಿನಲ್ಲಿ ‘ಟ್ಯಾಪ್ ಎಡಿಟ್’ ಎನ್ನುವಾಗ ಕ್ರಿಯಾಪದ ಮೊದಲು ಬಂದು ಗುಂಡಿಯ ಹೆಸರು ಕೊನೆಗೆ ಬರುತ್ತದೆ. ಕನ್ನಡದಲ್ಲಿ ‘ಎಡಿಟ್ ಒತ್ತಿ’ ಎನ್ನುತ್ತೇವೆ. ಹೆಸರು ಕೇಳಿದೊಡನೆ ಕಣ್ಣು ಹುಡುಕತೊಡಗುತ್ತದೆ, ‘ಒತ್ತಿ’ ಎನ್ನುವ ಹೊತ್ತಿಗೆ ಬೆರಳು ಬೀಳುತ್ತದೆ. ಆದರೆ ಇಂಗ್ಲಿಷ್ ನಿರೂಪಣೆಗೆ ಹೊಂದಿಸಿ ಮುಗಿಸಿದ ಚಿತ್ರಕ್ಕೆ ಕನ್ನಡ ಧ್ವನಿಯನ್ನು ಸುಮ್ಮನೆ ಕೂಡಿಸಿದರೆ ಹೆಸರು ಮತ್ತು ಕ್ರಿಯೆಯ ಕ್ರಮ ತಿರುಗುಮುರುಗಾಗಿ ಪ್ರತಿ ಟ್ಯಾಪೂ ಜಾಗ ತಪ್ಪುತ್ತದೆ. ಕನ್ನಡ ಆವೃತ್ತಿಗೆ ಚಿತ್ರದ ಕಾಯುವಿಕೆಗಳನ್ನು ಹೊಸದಾಗಿ ಅಳೆಯಲೇಬೇಕು.

ಪದವಲ್ಲ, ಅಕ್ಷರ ಎಣಿಸಬೇಕು

ಇಂಗ್ಲಿಷ್ ನಿರೂಪಣೆಯ ಉದ್ದವನ್ನು ನಿಮಿಷಕ್ಕೆ ಇಷ್ಟು ಪದ ಎಂದು ಅಂದಾಜು ಮಾಡುವುದು ರೂಢಿ. ಕನ್ನಡಕ್ಕೆ ಈ ಲೆಕ್ಕ ಒಗ್ಗುವುದಿಲ್ಲ. ‘ಈಗ’ ಒಂದು ಪದ, ‘ತಿದ್ದಿಕೊಳ್ಳಬಹುದಾಗಿದೆ’ ಎಂಬುದೂ ಒಂದೇ ಪದ. ಆದ್ದರಿಂದ ಅಕ್ಷರಗಳನ್ನು ಎಣಿಸುವುದು ಹೆಚ್ಚು ನಂಬಿಕೆಗೆ ಅರ್ಹ. ನಿರೂಪಕರು ಒಂದು ಪುಟವನ್ನು ತಮ್ಮ ಸಹಜ ವೇಗದಲ್ಲಿ ಓದಿ, ಒಂದು ನಿಮಿಷದಲ್ಲಿ ಎಷ್ಟು ಅಕ್ಷರ ಸಂದವು ಎಂದು ಎಣಿಸಿ 60ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟೆಂಬುದು ಸಿಗುತ್ತದೆ. ಒತ್ತಕ್ಷರವನ್ನು ಒಂದೇ ಅಕ್ಷರವೆಂದು ಹಿಡಿಯಬೇಕು. ಮುಂದಿನ ಉದಾಹರಣೆಯಲ್ಲಿ ಈ ವೇಗ ಸೆಕೆಂಡಿಗೆ 5 ಅಕ್ಷರ ಎಂದಿಟ್ಟುಕೊಳ್ಳಲಾಗಿದೆ.

ಒಂದು ಉದಾಹರಣೆ: ಕಳಿಸಿದ ಮೆಸೇಜನ್ನು ತಿದ್ದುವುದು

2023ರ ಮೇ ತಿಂಗಳಲ್ಲಿ ವಾಟ್ಸ್ಆ್ಯಪ್ ಒಂದು ಹೊಸ ಸೌಲಭ್ಯ ಪ್ರಕಟಿಸಿತು: ಕಳಿಸಿದ ಮೆಸೇಜನ್ನು 15 ನಿಮಿಷದೊಳಗೆ ತಿದ್ದಬಹುದು. ಆಂಡ್ರಾಯ್ಡ್ ಫೋನಿನಲ್ಲಿ ಇದರ ಹೆಜ್ಜೆಗಳನ್ನು ಹೀಗೆ ಇಟ್ಟುಕೊಳ್ಳೋಣ. ಮೆಸೇಜನ್ನು ಒತ್ತಿ ಹಿಡಿಯುವುದು, ಮೂರು ಚುಕ್ಕಿಯ ಮೆನು ತೆರೆಯುವುದು, `Edit` ಆರಿಸುವುದು, ಪಠ್ಯ ಬದಲಿಸುವುದು, ಟಿಕ್ ಗುರುತು ಒತ್ತುವುದು. ಇದಕ್ಕೆ ಕನ್ನಡ ಸ್ಕ್ರಿಪ್ಟ್ ಬರೆಯುವುದಾದರೆ ಮೊದಲು ಬೇಕಾದದ್ದು ಟ್ಯಾಪ್ ಪಟ್ಟಿ: ಯಾವ ಟ್ಯಾಪ್, ಅದಕ್ಕೆ ಯಾವ ಮಾತು, ಮಾತು ಶುರುವಾಗುವ ಸೆಕೆಂಡ್, ಬೆರಳು ಬೀಳುವ ಸೆಕೆಂಡ್.

ತೋರಿಸಲು ಆರಿಸಿಕೊಂಡ ಮೆಸೇಜ್ ‘ನಾಳೆ 6ಕ್ಕೆ ಬನ್ನಿ’. ಅದು ‘ನಾಳೆ 7ಕ್ಕೆ ಬನ್ನಿ’ ಆಗಬೇಕು. ಒಂದೇ ಅಂಕಿ ಬದಲಾಗುವುದರಿಂದ ಟೈಪ್ ಮಾಡುವುದನ್ನು ನೋಡುತ್ತ ಕೂರಬೇಕಾಗಿಲ್ಲ.

ಮೊದಲ ವಾಕ್ಯ: ‘ಕಳಿಸಿದ ಮೆಸೇಜಿನಲ್ಲಿ ತಪ್ಪಿದ್ದರೆ ಈಗ ತಿದ್ದಬಹುದು.’ ಇದರಲ್ಲಿ 20 ಅಕ್ಷರಗಳಿವೆ, ಅಂದರೆ 4 ಸೆಕೆಂಡ್. ಅಷ್ಟು ಹೊತ್ತೂ ಪರದೆ ಚಾಟ್‌ನಲ್ಲೇ ನಿಂತಿರುತ್ತದೆ. ಬಳಿಕ ಒಂದು ಸೆಕೆಂಡ್ ಮೌನ.

ಎರಡನೆಯ ವಾಕ್ಯ 5ನೇ ಸೆಕೆಂಡಿಗೆ ಶುರು: ‘ಆ ಮೆಸೇಜಿನ ಮೇಲೆ ಬೆರಳು ಒತ್ತಿ ಹಿಡಿಯಿರಿ.’ ‘ಬೆರಳು’ ಎಂಬಲ್ಲಿಗೆ 10 ಅಕ್ಷರಗಳಾಗಿ 2 ಸೆಕೆಂಡ್ ಸಲ್ಲುತ್ತವೆ. ‘ಒತ್ತಿ’ ಎಂಬುದು 7ನೇ ಸೆಕೆಂಡಿಗೆ ಕೇಳುತ್ತದೆ, ಬೆರಳು ಬೀಳಬೇಕಾದದ್ದೂ ಆಗಲೇ. ಒತ್ತಿ ಹಿಡಿದದ್ದನ್ನು ಫೋನು ಗುರುತಿಸಲು ಸುಮಾರು ಅರ್ಧ ಸೆಕೆಂಡ್ ಬೇಕು. ‘ಹಿಡಿಯಿರಿ’ ಎನ್ನುವಷ್ಟರಲ್ಲಿ ಮೆಸೇಜಿನ ಬಣ್ಣ ಬದಲಾಗಿ, ಅದು ಆಯ್ಕೆಯಾದದ್ದು ಕಾಣುತ್ತದೆ.

ಮೂರನೆಯದು 9.2 ಸೆಕೆಂಡಿಗೆ: ‘ಮೇಲೆ ಬಲಗಡೆಯ ಮೂರು ಚುಕ್ಕಿ ಒತ್ತಿ.’ ಜಾಗ ಮೊದಲು, ಗುರುತು ಆಮೇಲೆ, ಕ್ರಿಯೆ ಕೊನೆಗೆ. ‘ಒತ್ತಿ’ಗೆ ಮುಂಚೆ 11 ಅಕ್ಷರಗಳಿರುವುದರಿಂದ ಟ್ಯಾಪ್ 11.4 ಸೆಕೆಂಡಿಗೆ ಬೀಳುತ್ತದೆ. ಪರದೆಯ ಮಧ್ಯದಲ್ಲಿದ್ದ ಕಣ್ಣು ಮೂಲೆಗೆ ಹೋಗಲು 2.2 ಸೆಕೆಂಡ್ ಸಿಕ್ಕಿತು.

ನಾಲ್ಕನೆಯ ವಾಕ್ಯದಲ್ಲಿ ಒಂದು ತೊಡಕಿದೆ. ‘ಎಡಿಟ್ ಆರಿಸಿ’ ಎಂದಷ್ಟೇ ಬರೆದರೆ ಕ್ರಿಯಾಪದಕ್ಕೆ ಮುಂಚೆ ಮೂರೇ ಅಕ್ಷರ, ಅಂದರೆ 0.6 ಸೆಕೆಂಡ್. ಆಗಷ್ಟೇ ತೆರೆದ ಮೆನುವಿನಲ್ಲಿ ಹಲವು ಸಾಲುಗಳಿರುವಾಗ ಇಷ್ಟರಲ್ಲಿ ಹುಡುಕಲಾಗದು. ಪರಿಹಾರ ಎರಡು. ಮಾತು ಶುರುವಾಗುವ ಮುನ್ನ ಮೆನುವನ್ನು ಒಂದು ಸೆಕೆಂಡಿನಷ್ಟು ನಿಲ್ಲಿಸುವುದು ಒಂದು. ‘ಪಟ್ಟಿಯಲ್ಲಿ ಎಡಿಟ್ ಆರಿಸಿ’ ಎಂದು ಮಾತನ್ನೇ ತುಸು ಹಿಗ್ಗಿಸುವುದು ಇನ್ನೊಂದು. ಎರಡನ್ನೂ ಮಾಡಿದರೆ ಮಾತು 12.6ಕ್ಕೆ ಶುರುವಾಗಿ ಟ್ಯಾಪ್ 14ಕ್ಕೆ ಬೀಳುತ್ತದೆ. ಮೆನು ತೆರೆದ ಮೇಲೆ ಎರಡೂವರೆ ಸೆಕೆಂಡ್ ಕಳೆದಿರುತ್ತದೆ.

ಇದೇ ಸಾಲಿನಲ್ಲಿ ಹೆಸರಿನ ಪ್ರಶ್ನೆಯೂ ಇದೆ. ಪರದೆಯ ಮೇಲೆ `Edit` ಎಂದಿದ್ದರೆ ನಿರೂಪಣೆಯೂ ‘ಎಡಿಟ್’ ಎನ್ನಬೇಕು. ‘ತಿದ್ದುಪಡಿ ಆರಿಸಿ’ ಎಂದರೆ ಕಿವಿಗೆ ಕನ್ನಡವಾದರೂ ಕಣ್ಣಿಗೆ ಆ ಪದ ಎಲ್ಲೂ ಸಿಗುವುದಿಲ್ಲ. ಆ್ಯಪ್ ಕನ್ನಡದಲ್ಲಿದ್ದರೆ ಗುಂಡಿಯ ಮೇಲಿರುವ ಕನ್ನಡ ಪದವನ್ನೇ ಅಕ್ಷರಶಃ ಹೇಳಬೇಕು.

ಅಂಕಿ ಬದಲಿಸಿ ಟಿಕ್ ಒತ್ತಿದ ಮೇಲೆ ಮೆಸೇಜಿನ ಪಕ್ಕದಲ್ಲಿ `Edited` ಎಂಬ ಸಣ್ಣ ಗುರುತು ಮೂಡುತ್ತದೆ. ಆ ಚಿತ್ರ 5 ಸೆಕೆಂಡಾದರೂ ನಿಲ್ಲಬೇಕು. ‘ಕಳಿಸಿದ ಹದಿನೈದು ನಿಮಿಷದೊಳಗೆ ಮಾತ್ರ ಹೀಗೆ ತಿದ್ದಲು ಸಾಧ್ಯ’ ಎಂಬ ಷರತ್ತು ಹೇಳಲು ಇದೇ ಸರಿಯಾದ ಜಾಗ. ಇದೇ ಮಾತನ್ನು ಆರಂಭದಲ್ಲೋ ಟ್ಯಾಪುಗಳ ನಡುವೆಯೋ ತುರುಕಿದರೆ ಬೆರಳನ್ನು ಹಿಂಬಾಲಿಸುತ್ತಿರುವ ಮನಸ್ಸು ಅದನ್ನು ಕೇಳಿಸಿಕೊಳ್ಳುವುದಿಲ್ಲ.

ರೆಕಾರ್ಡ್ ಮಾಡುವ ಕ್ರಮ

ಪಟ್ಟಿ ಸಿದ್ಧವಾದ ಮೇಲೆ ಬರೆದವರೇ ತಮ್ಮ ದನಿಯಲ್ಲಿ ಒಂದು ಕರಡು ನಿರೂಪಣೆ ರೆಕಾರ್ಡ್ ಮಾಡಿಕೊಳ್ಳಬೇಕು. ಅದನ್ನು ಕಿವಿಯಲ್ಲಿ ಕೇಳುತ್ತ ಪರದೆಯ ರೆಕಾರ್ಡಿಂಗ್ ಮಾಡಿದರೆ ಬೆರಳು ತಾನಾಗಿ ಕ್ರಿಯಾಪದಕ್ಕೆ ಹೊಂದಿಕೊಳ್ಳುತ್ತದೆ. ಪ್ರತಿ ಟ್ಯಾಪಿನ ಹಿಂದೆ ಮುಂದೆ ಬೇಕಾದದ್ದಕ್ಕಿಂತ ಎರಡು ಸೆಕೆಂಡ್ ಹೆಚ್ಚೇ ಕಾಯುವುದು ಒಳ್ಳೆಯದು. ಹೆಚ್ಚಾದದ್ದನ್ನು ಕತ್ತರಿಸುವುದು ಸುಲಭ.

ಆಂಡ್ರಾಯ್ಡ್ 11ರಿಂದ ಫೋನಿನಲ್ಲೇ ಇರುವ ಸ್ಕ್ರೀನ್ ರೆಕಾರ್ಡರ್‌ನಲ್ಲಿ ಬೆರಳು ಮುಟ್ಟಿದ ಜಾಗವನ್ನು ಚುಕ್ಕೆಯಾಗಿ ತೋರಿಸುವ ಆಯ್ಕೆ ಇದೆ. ಐಫೋನಿನ ರೆಕಾರ್ಡಿಂಗ್‌ನಲ್ಲಿ ಅಂಥ ಚುಕ್ಕೆ ಬರುವುದಿಲ್ಲ. ಎಡಿಟಿಂಗ್ ಹೊತ್ತಿನಲ್ಲಿ ವೃತ್ತ ಕೂಡಿಸಬೇಕು. ಬೇರೆಯವರ ಕರೆ, ಸಂದೇಶಗಳು ನಡುವೆ ಮೂಡದಂತೆ ಫೋನನ್ನು ‘ಡು ನಾಟ್ ಡಿಸ್ಟರ್ಬ್’ನಲ್ಲಿಟ್ಟು, ನಿಜವಾದ ಯಾರದೇ ಹೆಸರು, ನಂಬರ್ ಕಾಣದ ಚಾಟ್ ಬಳಸಬೇಕು.

ಹೊಂದಿಸುವಾಗ ಕೆಡುವುದೆಲ್ಲಿ

ಅಂತಿಮ ಧ್ವನಿ ಬಂದಾಗ ಅದು ಕರಡಿಗಿಂತ ತುಸು ಉದ್ದವೋ ಗಿಡ್ಡವೋ ಆಗಿಯೇ ಇರುತ್ತದೆ. ಆಗ ಚಿತ್ರದ ವೇಗವನ್ನು ಹೆಚ್ಚುಕಡಿಮೆ ಮಾಡಬಾರದು. ಮೆನು ತೆರೆಯುವ, ಪರದೆ ಸರಿಯುವ ಚಲನೆಗಳಿಗೆ ಅವುಗಳದೇ ವೇಗವಿದೆ. ನಿಧಾನಿಸಿದರೆ ಆ್ಯಪ್ ಜಡವಾಗಿ ಕಾಣುತ್ತದೆ, ವೇಗಗೊಳಿಸಿದರೆ ಕಣ್ಣು ಜಾರುತ್ತದೆ. ಪರದೆ ನಿಶ್ಚಲವಾಗಿರುವ ಜಾಗಗಳನ್ನು ಮಾತ್ರ ಹಿಗ್ಗಿಸಬೇಕು ಅಥವಾ ಕುಗ್ಗಿಸಬೇಕು. ಅಲ್ಲಿ ಒಂದೇ ಫ್ರೇಮನ್ನು ಎಷ್ಟು ಹೊತ್ತು ನಿಲ್ಲಿಸಿದರೂ ಯಾರಿಗೂ ಗೊತ್ತಾಗದು.

ಇನ್ನೊಂದು ತೊಂದರೆ ಕಣ್ಣಿಗೆ ತಟ್ಟನೆ ಕಾಣದು. ವಿಡಿಯೊದ ಆರಂಭದಲ್ಲಿ ಎಲ್ಲ ಸರಿಯಿದ್ದು, ಕೊನೆಕೊನೆಗೆ ಬರುತ್ತ ಟ್ಯಾಪುಗಳು ಸ್ವಲ್ಪಸ್ವಲ್ಪವೇ ಮಾತಿನಿಂದ ದೂರ ಸರಿಯುತ್ತವೆ. ಅನೇಕ ಫೋನುಗಳು ಪರದೆ ಬದಲಾದಾಗ ಹೆಚ್ಚು ಫ್ರೇಮುಗಳನ್ನು, ಸುಮ್ಮನಿದ್ದಾಗ ಕಡಿಮೆ ಫ್ರೇಮುಗಳನ್ನು ಬರೆಯುತ್ತವೆ. ಕೆಲವು ಎಡಿಟಿಂಗ್ ತಂತ್ರಾಂಶಗಳು ಈ ಏರುಪೇರನ್ನು ಸರಿಯಾಗಿ ಲೆಕ್ಕ ಹಾಕುವುದಿಲ್ಲ. ಎಡಿಟಿಂಗ್ ಶುರುಮಾಡುವ ಮುನ್ನವೇ ರೆಕಾರ್ಡಿಂಗನ್ನು ಸೆಕೆಂಡಿಗೆ ಸಮನಾಗಿ 30 ಫ್ರೇಮಿಗೆ ಬದಲಿಸಿಕೊಂಡರೆ ಇದು ತಪ್ಪುತ್ತದೆ. ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶದಲ್ಲಿ ಇದು ಒಂದು ಸಾಲಿನ ಕೆಲಸ:

```
ffmpeg -i tap.mp4 -vf fps=30 tap30.mp4
```

ತಪ್ಪು ಹೀಗೆ ಕ್ರಮೇಣ ಬೆಳೆಯುತ್ತಿದ್ದರೆ ಕಾರಣ ಫ್ರೇಮುಗಳದು. ಒಂದೇ ಒಂದು ಟ್ಯಾಪ್ ಮಾತ್ರ ಜಾಗ ತಪ್ಪಿದ್ದರೆ ಕಾರಣ ಸ್ಕ್ರಿಪ್ಟಿನದು ಅಥವಾ ಕತ್ತರಿಯದು.

ಎರಡು ಪರೀಕ್ಷೆ

ಮುಗಿದ ವಿಡಿಯೊವನ್ನು ಮೊದಲು ದನಿಯಿಲ್ಲದೆ ನೋಡಬೇಕು. ಬೆರಳು ಎಲ್ಲಿ ಬಿತ್ತು ಎಂಬುದು ಎಲ್ಲಾದರೂ ಕಾಣದೆ ಹೋದರೆ ಅಲ್ಲಿ ಕಾಯುವಿಕೆ ಸಾಲದು. ಇದು ಬರೀ ಪರೀಕ್ಷೆಯಲ್ಲ. ಆ್ಯಪಲ್‌ನ ಆ್ಯಪ್ ಸ್ಟೋರ್‌ನಲ್ಲಿ 15ರಿಂದ 30 ಸೆಕೆಂಡಿನ ಪರಿಚಯ ವಿಡಿಯೊಗಳು ತಾವಾಗಿ ಓಡುವುದು ದನಿಯಿಲ್ಲದೆಯೇ. ಅಲ್ಲಿ ನಿರೂಪಣೆಯ ಸಾಲು ಪರದೆಯ ಮೇಲೂ ಮೂಡಬೇಕು, ಟ್ಯಾಪಿಗೆ ಮೊದಲೇ ಓದಿ ಮುಗಿಯಬೇಕು.

ಎರಡನೆಯ ಪರೀಕ್ಷೆಯಲ್ಲಿ ಸೌಲಭ್ಯದ ಪರಿಚಯವಿಲ್ಲದ ಒಬ್ಬರ ಕೈಗೆ ಫೋನು ಕೊಟ್ಟು ದನಿಯನ್ನಷ್ಟೇ ಕೇಳಿಸಬೇಕು. ಅವರು ಚಿತ್ರ ನೋಡದೆ, ಮಾತು ಕೇಳುತ್ತಲೇ ಮೆಸೇಜನ್ನು ತಿದ್ದಿ ಮುಗಿಸಿದರೆ ಸ್ಕ್ರಿಪ್ಟ್ ಸಿದ್ಧ. ಅವರ ಬೆರಳು ತಡವರಿಸಿದ ಜಾಗವನ್ನು ಸೆಕೆಂಡ್ ಸಮೇತ ಗುರುತು ಹಾಕಿಕೊಂಡು ಅಲ್ಲಿನ ವಾಕ್ಯವನ್ನು ಮತ್ತೆ ಬರೆಯಬೇಕು. ತಿದ್ದಬೇಕಾದ ಜಾಗವನ್ನು ಬರೆದವರಿಗಿಂತ ಆ ಬೆರಳೇ ಸರಿಯಾಗಿ ತೋರಿಸುತ್ತದೆ.