ಸಹಿ ಹಾಕುವ ಮುನ್ನ: ಆಸ್ಪತ್ರೆಯ ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಓದುವ ಬಗೆ

ಮನೆಯಲ್ಲಿ ಯಾರಿಗಾದರೂ ಶಸ್ತ್ರಚಿಕಿತ್ಸೆ ಎಂದು ನಿಶ್ಚಯವಾದರೆ, ಆಸ್ಪತ್ರೆಯವರು ಕೊಡುವ ಇಂಗ್ಲಿಷ್ ಕಾಗದವನ್ನು ಓದಿ ಹೇಳುವ ಕೆಲಸ ಕಾಲೇಜಿಗೆ ಹೋಗುವ ಮಕ್ಕಳ ಪಾಲಿಗೆ ಬರುತ್ತದೆ. ನಮ್ಮ ಪಕ್ಕದ ಮನೆಯ ಹುಡುಗಿಗೂ ಹಾಗೇ ಆಯಿತು. ಅವಳು ದ್ವಿತೀಯ ಪಿ.ಯು.ಸಿ. ವಿಜ್ಞಾನದ ವಿದ್ಯಾರ್ಥಿನಿ. ತಿಪಟೂರಿನ ಕಡೆಯಿಂದ ಬಂದಿದ್ದ ಅವಳ ದೊಡ್ಡಮ್ಮನಿಗೆ ಮರುದಿನ ಬೆಳಿಗ್ಗೆ ಆಪರೇಷನ್ ಇತ್ತು. ನರ್ಸ್ ನಾಲ್ಕು ಪುಟದ ಒಪ್ಪಿಗೆ ಪತ್ರ ಕೊಟ್ಟು, ಸಹಿ ಮಾಡಿಸಿ ಇಡಿ ಎಂದು ಹೇಳಿ ಹೋಗಿದ್ದರು. ನಾನು ಸಂಜೆ ನೋಡಲು ಹೋದಾಗ ದೊಡ್ಡಮ್ಮ ಹಾಸಿಗೆಯ ಮೇಲೆ ಅಳುತ್ತಿದ್ದರು. ಹುಡುಗಿ ಕಾಗದ ಹಿಡಿದು ದಿಕ್ಕು ತೋಚದೆ ನಿಂತಿದ್ದಳು.

ಅಳುವಿಗೆ ಕಾರಣ ಒಂದೇ ಒಂದು ಪದ. ಪತ್ರದಲ್ಲಿ ಗಾಲ್ ಬ್ಲಾಡರ್ ತೆಗೆಯುವ ಮಾತಿತ್ತು. ಹುಡುಗಿ ಅದನ್ನು ಪಠ್ಯಪುಸ್ತಕದಲ್ಲಿ ಕಲಿತಂತೆ 'ಪಿತ್ತಕೋಶ' ಎಂದಳು. ಅವಳು ಹೇಳಿದ್ದು ಸರಿಯೇ. ಆದರೆ ನಮ್ಮ ಊರುಗಳಲ್ಲಿ ಅನೇಕರು ಲಿವರ್ ಅನ್ನೂ ಪಿತ್ತಕೋಶ ಎಂದೇ ಕರೆಯುತ್ತಾರೆ. "ಕುಡುಕರಿಗೆ ಹಾಳಾಗ್ತದಲ್ಲ, ಅದನ್ನ ತೆಗೆದುಬಿಟ್ರೆ ನಾನು ಬದುಕೋದುಂಟಾ ಮಗಾ?" ಎಂದು ದೊಡ್ಡಮ್ಮ ಕೇಳುತ್ತಿದ್ದರು.

ನಾನು ಕಾಗದದ ಹಿಂಬದಿಯಲ್ಲಿ ಒಂದು ಚಿತ್ರ ಬರೆದೆ. ಮೇಲೆ ದೊಡ್ಡದಾಗಿ ಲಿವರ್, ಅದರ ಕೆಳಗೆ ಜೋತುಬಿದ್ದ ಸಣ್ಣ ಬದನೆಕಾಯಿಯಂಥ ಚೀಲ. ಲಿವರ್ ಪಿತ್ತರಸ ತಯಾರಿಸುತ್ತದೆ; ಚೀಲ ಅದನ್ನು ಕೂಡಿಟ್ಟು, ನಾವು ಜಿಡ್ಡಿನ ಊಟ ಮಾಡಿದಾಗ ಕರುಳಿಗೆ ಬಿಡುತ್ತದೆ. ಕಲ್ಲು ಕಟ್ಟಿರುವುದು ಈ ಚೀಲದಲ್ಲಿ, ತೆಗೆಯುವುದೂ ಈ ಚೀಲವನ್ನೇ. ಚೀಲ ಹೋದರೂ ಲಿವರ್ ರಸ ತಯಾರಿಸುತ್ತಲೇ ಇರುತ್ತದೆ, ಅದು ನೇರವಾಗಿ ಕರುಳಿಗೆ ಹರಿಯುತ್ತದೆ. ದೊಡ್ಡಮ್ಮ ಚಿತ್ರವನ್ನು ಬಹಳ ಹೊತ್ತು ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡರು. ಒಪ್ಪಿಗೆ ಪತ್ರವನ್ನು ಅನುವಾದಿಸುವಾಗ ಇಂಗ್ಲಿಷ್ ಪದಕ್ಕೆ ಕನ್ನಡ ಪದ ಸಿಕ್ಕಿತು ಎಂದು ನಿಲ್ಲಬಾರದು. ಆ ಕನ್ನಡ ಪದ ಕೇಳುವವರ ಮನಸ್ಸಿನಲ್ಲಿ ಯಾವ ಅಂಗವನ್ನು ತೋರಿಸಿತು ಎಂದು ವಿಚಾರಿಸಬೇಕು.

ಎರಡನೆಯ ಪುಟದಲ್ಲಿ 'ರಿಸ್ಕ್'ಗಳ ಪಟ್ಟಿ ಇತ್ತು. ಹುಡುಗಿ ಇದನ್ನು "ಅಪಾಯ ಇದೆ" ಎಂದು ಓದಿದ್ದಳು. ಕನ್ನಡದಲ್ಲಿ ಅಪಾಯ ಇದೆ ಎಂದರೆ ಕೆಡುಕು ಎದುರಿಗೇ ನಿಂತಿದೆ ಎಂಬ ಅರ್ಥ ಬರುತ್ತದೆ. ಪತ್ರ ಹೇಳುವುದು ಅದನ್ನಲ್ಲ. ಇಂಥಿಂಥ ತೊಂದರೆ ಆಗುವ ಸಂಭವ ಇದೆ, ಎಲ್ಲರಿಗೂ ಆಗುವುದಿಲ್ಲ ಎಂದಷ್ಟೇ ಅದರ ತಾತ್ಪರ್ಯ. ಸಂಭವ ಎಂದ ಮೇಲೆ, ಎಷ್ಟು ಜನರಲ್ಲಿ ಎಷ್ಟು ಮಂದಿಗೆ ಎಂಬ ಲೆಕ್ಕವನ್ನೂ ಹೇಳಬೇಕು. ಈ ಲೆಕ್ಕ ಪತ್ರದಲ್ಲಿ ಇರಲಿಲ್ಲ. ಬರಿಯ 'ರೇರ್' ಎಂದಿತ್ತು. ಹುಡುಗಿ ಊಹಿಸಿ ಹೇಳಲು ಹೊರಟಳು, ನಾನು ತಡೆದೆ. ಗೊತ್ತಿಲ್ಲದ್ದನ್ನು ಅನುವಾದಕ ತುಂಬಬಾರದು. ಪ್ರಶ್ನೆಯನ್ನು ಬರೆದಿಟ್ಟುಕೊಂಡು ಶಸ್ತ್ರವೈದ್ಯರನ್ನೇ ಕೇಳಬೇಕು, ಏಕೆಂದರೆ ವಿವರಿಸುವ ಹೊಣೆ ಅವರದು.

ರಾತ್ರಿಯ ರೌಂಡ್ಸ್‌ಗೆ ಬಂದ ವೈದ್ಯರು ಕುಳಿತೇ ಉತ್ತರ ಹೇಳಿದರು. ಹೊಟ್ಟೆಗೆ ನಾಲ್ಕು ಸಣ್ಣ ರಂಧ್ರ ಮಾಡಿ, ಇಂಗಾಲದ ಡೈಆಕ್ಸೈಡ್ ಅನಿಲ ತುಂಬಿಸಿ ಹೊಟ್ಟೆಯನ್ನು ಉಬ್ಬಿಸುತ್ತಾರೆ. ಒಂದು ರಂಧ್ರದಿಂದ ಕ್ಯಾಮೆರಾ ಒಳಗೆ ಹೋಗುತ್ತದೆ. ಚೀಲದಿಂದ ಹೊರಡುವ ಸಣ್ಣ ನಾಳಕ್ಕೆ ಕ್ಲಿಪ್ ಹಾಕಿ ಕತ್ತರಿಸುತ್ತಾರೆ. ಮುಖ್ಯ ತೊಡಕು ಇರುವುದೇ ಇಲ್ಲಿ. ಆ ಸಣ್ಣ ನಾಳದ ಪಕ್ಕದಲ್ಲೇ ಲಿವರ್‌ನಿಂದ ಕರುಳಿಗೆ ಹೋಗುವ ಮುಖ್ಯ ಪಿತ್ತನಾಳವಿದೆ. ಕಲ್ಲಿನಿಂದ ಹಲವು ಬಾರಿ ಉರಿಯೂತವಾಗಿದ್ದರೆ ಅಲ್ಲಿನ ಅಂಗಾಂಶಗಳು ಒಂದಕ್ಕೊಂದು ಅಂಟಿಕೊಂಡು, ಯಾವುದು ಯಾವ ನಾಳವೆಂದು ತಿಳಿಯುವುದೇ ಕಷ್ಟವಾಗುತ್ತದೆ. ಮುಖ್ಯ ನಾಳಕ್ಕೆ ಪೆಟ್ಟಾದರೆ ಮತ್ತೊಂದು ದೊಡ್ಡ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಸಾವಿರ ಜನರಲ್ಲಿ ಮೂರರಿಂದ ಐದು ಮಂದಿಗೆ ಹೀಗಾಗುವುದುಂಟು ಎಂದರು. ಅದೇ ಉಸಿರಿನಲ್ಲಿ, ರಂಧ್ರದ ಮೂಲಕ ಮುಂದುವರಿಯುವುದು ಕ್ಷೇಮವಲ್ಲ ಎನಿಸಿ ಹೊಟ್ಟೆಯನ್ನು ತೆರೆದು ಮಾಡಬೇಕಾಗುವುದು ನೂರಕ್ಕೆ ಐದರ ಆಸುಪಾಸು ಎಂದೂ ಹೇಳಿದರು.

ನೂರಕ್ಕೆ ಐದು, ಸಾವಿರಕ್ಕೆ ಐದು. ದೊಡ್ಡಮ್ಮನ ಕಿವಿಗೆ ಎರಡೂ ಐದೇ! ಆದ್ದರಿಂದ ಎರಡನ್ನೂ ಒಂದೇ ಅಳತೆಗೆ ತಂದು ಹೇಳಬೇಕಾಯಿತು. "ಊರ ಜಾತ್ರೆಯಲ್ಲಿ ಸಾವಿರ ಜನ ಸೇರಿದ್ದಾರೆ, ಎಲ್ಲರಿಗೂ ಇದೇ ಆಪರೇಷನ್ ಅಂತ ಇಟ್ಕೊಳ್ಳಿ ದೊಡ್ಡಮ್ಮ. ಐವತ್ತು ಜನಕ್ಕೆ ಹೊಟ್ಟೆ ತೆರೀಬೇಕಾಗ್ಬೋದು. ಮೂರೋ ಐದೋ ಜನಕ್ಕೆ ನಾಳಕ್ಕೆ ಪೆಟ್ಟಾಗ್ಬೋದು" ಎಂದು ಹುಡುಗಿ ಹೇಳಿದಳು. ಚೆನ್ನಾಗಿಯೇ ಹೇಳಿದಳು. ಹೊಟ್ಟೆ ತೆರೆಯುವುದು ವೈದ್ಯರ ಸೋಲಲ್ಲ, ನಾಳಕ್ಕೆ ಪೆಟ್ಟಾಗದಿರಲಿ ಎಂದು ತೆಗೆದುಕೊಳ್ಳುವ ಎಚ್ಚರ ಎಂಬುದನ್ನೂ ಸೇರಿಸಬೇಕು. ಇಲ್ಲದಿದ್ದರೆ ಮರುದಿನ ದೊಡ್ಡ ಗಾಯ ನೋಡಿದ ಮನೆಯವರು, ಏನೋ ಎಡವಟ್ಟಾಗಿದೆ ಎಂದುಕೊಳ್ಳುತ್ತಾರೆ.

ಆಪರೇಷನ್ ಮಾಡಿಸದಿದ್ದರೆ ಏನಾಗುತ್ತದೆ? ಪತ್ರದಲ್ಲಿ 'ಪರ್ಯಾಯಗಳನ್ನು ವಿವರಿಸಲಾಗಿದೆ' ಎಂಬ ಒಂದು ಸಾಲು ಇತ್ತು, ಮುಂದೆ ಖಾಲಿ ಜಾಗ. ಈ ಪ್ರಶ್ನೆಯನ್ನು ಕೇಳುವವರೇ ಕಡಿಮೆ. ಕಲ್ಲು ಇದ್ದೂ ನೋವೇ ಬಾರದವರಿಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯ ಸಲಹೆ ಕೊಡುವುದಿಲ್ಲ. ದೊಡ್ಡಮ್ಮನಿಗೆ ಮೂರು ಸಲ ನೋವು ಬಂದಿತ್ತು. ಹಾಗಿರುವಾಗ ಬಿಟ್ಟರೆ ನೋವು ಮರುಕಳಿಸಬಹುದು, ಕಲ್ಲು ಜಾರಿ ಮುಖ್ಯ ನಾಳಕ್ಕೆ ಅಡ್ಡನಿಂತು ಕಾಮಾಲೆಯಾಗಬಹುದು, ಮೇದೋಜೀರಕ ಗ್ರಂಥಿಗೆ ಉರಿಯೂತ ಬರಬಹುದು ಎಂದು ವೈದ್ಯರು ಹೇಳಿ, ಖಾಲಿ ಜಾಗದಲ್ಲಿ ಅದನ್ನು ಬರೆದರು.

ಮೂರನೆಯ ಪುಟಕ್ಕೆ ಬಂದಾಗ ನಾನು ಹುಡುಗಿಗೆ ನಿಧಾನವಾಗಿ ಓದು ಎಂದೆ. ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಅಗತ್ಯವೆಂದು ಕಂಡುಬರುವ ಇತರ ಕ್ರಮಗಳಿಗೂ ನನ್ನ ಒಪ್ಪಿಗೆ ಇದೆ ಎಂಬ ವಾಕ್ಯ ಅಲ್ಲಿತ್ತು. ಇದನ್ನು "ಏನು ಬೇಕಾದರೂ ಮಾಡಬಹುದು" ಎಂದು ಅನುವಾದಿಸಿದರೆ ತಪ್ಪು. ಅದು ಏಕೆ ತಪ್ಪು ಎಂದು ತಿಳಿಯಲು ಸಮೀರಾ ಕೊಹ್ಲಿ ಪ್ರಕರಣವನ್ನು ನೋಡಬೇಕು.

1995ರ ಮೇ ತಿಂಗಳಲ್ಲಿ 44 ವರ್ಷದ ಅವಿವಾಹಿತ ಮಹಿಳೆಯೊಬ್ಬರು ಅತಿಯಾದ ಮುಟ್ಟಿನ ಸ್ರಾವಕ್ಕಾಗಿ ವೈದ್ಯರ ಬಳಿ ಹೋದರು. ಕ್ಯಾಮೆರಾ ಹಾಕಿ ಪರೀಕ್ಷಿಸುವುದಕ್ಕೆ ಅವರು ಸಹಿ ಹಾಕಿದ್ದರು. ಹೊಟ್ಟೆ ತೆರೆಯಬೇಕಾಗಬಹುದು ಎಂಬ ಮಾತೂ ಪತ್ರದಲ್ಲಿ ಇತ್ತು. ಅವರು ಅರಿವಳಿಕೆಯಲ್ಲಿರುವಾಗಲೇ, ಹೊರಗೆ ಕಾದಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆಯಲಾಯಿತು. 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಲ್ಲ. ಹೊಟ್ಟೆ ತೆರೆಯಲು ಒಪ್ಪಿದರೆ ಅಂಗ ತೆಗೆಯಲು ಒಪ್ಪಿದಂತಲ್ಲ. ರೋಗಿ ವಯಸ್ಕರು, ಅರಿವಳಿಕೆ ಇಳಿದ ಮೇಲೆ ತಾವೇ ತೀರ್ಮಾನಿಸಬಲ್ಲವರು, ಪ್ರಾಣಕ್ಕೆ ತಕ್ಷಣದ ಅಪಾಯ ಇರಲಿಲ್ಲ. ಆದ್ದರಿಂದ ತಾಯಿಯ ಒಪ್ಪಿಗೆ ಸಲ್ಲದು. ನ್ಯಾಯಾಲಯ ಶುಲ್ಕವನ್ನು ವೈದ್ಯರಿಗೆ ನಿರಾಕರಿಸಿ 25,000 ರೂಪಾಯಿ ಪರಿಹಾರ ಕೊಡಿಸಿತು. ಮೊತ್ತ ಸಣ್ಣದು, ನನಗಂತೂ ಬಹಳ ಸಣ್ಣದೆನಿಸುತ್ತದೆ. ಪೀಠದ ಪರವಾಗಿ ತೀರ್ಪು ಬರೆದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದವರು. ಚಿಕಿತ್ಸೆ ಏನು, ಅದರಿಂದ ಏನು ಲಾಭ, ಬೇರೆ ದಾರಿ ಇದೆಯೇ, ಗಣನೀಯ ತೊಂದರೆಗಳು ಯಾವುವು, ಬೇಡವೆಂದರೆ ಏನಾಗಬಹುದು ಎಂಬುದನ್ನು ರೋಗಿಗೆ ತಿಳಿಸಬೇಕೆಂದು ತೀರ್ಪು ಹೇಳಿತು. ಎಲ್ಲೋ ಅಪರೂಪಕ್ಕೆ ಆಗಬಹುದಾದ ಪ್ರತಿಯೊಂದನ್ನೂ ಹೇಳಲೇಬೇಕೆಂದು ಅದು ಕೇಳಲಿಲ್ಲ.

ಹಾಗಾದರೆ ಆ ವಾಕ್ಯವನ್ನು ಹೇಗೆ ಹೇಳಬೇಕು? "ಮಧ್ಯದಲ್ಲಿ ಜೀವಕ್ಕೆ ತೊಂದರೆ ಆಗುವಂಥದ್ದು ಬಂದರೆ, ನಿಮ್ಮನ್ನು ಎಬ್ಬಿಸಿ ಕೇಳುವಷ್ಟು ಸಮಯ ಇಲ್ಲದಿದ್ದರೆ, ಜೀವ ಉಳಿಸಲು ಬೇಕಾದದ್ದನ್ನು ಮಾಡುತ್ತಾರೆ. ಕಾಯಬಹುದಾದ ಸಂಗತಿಯಾದರೆ ನಿಮ್ಮನ್ನು ಕೇಳಿಯೇ ಮಾಡಬೇಕು." ಹುಡುಗಿ ಇದನ್ನು ಹೇಳಿದ ಮೇಲೆ ದೊಡ್ಡಮ್ಮನ ಗಂಡ ಗಂಟಲು ಸರಿಮಾಡಿಕೊಂಡು, "ಸಹಿ ನಾನೇ ಹಾಕ್ತೀನಲ್ಲ, ಅವಳಿಗ್ಯಾಕೆ ತಲೆಬಿಸಿ" ಎಂದರು. ಪ್ರೀತಿಯಿಂದಲೇ ಹೇಳಿದರು. ಆದರೆ ಎಚ್ಚರವಿರುವ ವಯಸ್ಕ ರೋಗಿಯ ಬದಲು ಗಂಡನ ಸಹಿ ನಡೆಯುವುದಿಲ್ಲ. ಅವರದು ಸಾಕ್ಷಿಯ ಸಹಿ ಮಾತ್ರ. ವೈದ್ಯರೂ ಅದನ್ನೇ ಹೇಳಿದರು.

ಕೊನೆಯ ಪುಟದಲ್ಲಿ, ಏನೇ ಆದರೂ ಆಸ್ಪತ್ರೆಯನ್ನು ಹೊಣೆ ಮಾಡುವುದಿಲ್ಲ ಎಂಬರ್ಥದ ಒಂದು ಸಾಲು. ಹಳ್ಳಿಯಲ್ಲೂ ಪೇಟೆಯಲ್ಲೂ ಜನ ಒಪ್ಪಿಗೆ ಪತ್ರವೆಂದರೆ ಇದೊಂದೇ ಸಾಲು ಎಂದು ತಿಳಿದಿದ್ದಾರೆ. ಎಚ್ಚರಿಕೆಯಿಂದ ಮಾಡಿದರೂ ಆಗಿಬಿಡುವ, ಮೊದಲೇ ತಿಳಿಸಿದ ತೊಂದರೆ ಬೇರೆ. ಅಲಕ್ಷ್ಯದಿಂದ ಆಗುವ ಹಾನಿ ಬೇರೆ. ಈ ಎರಡನೆಯದಕ್ಕೆ ಯಾವ ಸಹಿಯೂ ರಕ್ಷಣೆ ಕೊಡದು, ಕೇಳುವ ಹಕ್ಕು ಹಾಗೇ ಉಳಿಯುತ್ತದೆ. ಚಿಕಿತ್ಸೆಯ ದಾಖಲೆಗಳನ್ನು ಕೇಳಿದರೆ ವೈದ್ಯರು 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯಕೀಯ ಮಂಡಳಿಯ 2002ರ ನಿಯಮಗಳು ಹೇಳಿವೆ. ಈ ಒಪ್ಪಿಗೆ ಪತ್ರವೂ ಚಿಕಿತ್ಸೆಯ ಕಡತಕ್ಕೆ ಸೇರಿದ್ದೇ. ಸಹಿ ಹಾಕಿದ ಮೇಲೂ, ಅರಿವಳಿಕೆ ಕೊಡುವ ಮುನ್ನ, ಬೇಡ ಎನ್ನಬಹುದು. ಖಾಲಿ ಬಿಟ್ಟ ಜಾಗಗಳ ಕೆಳಗೆ ಮಾತ್ರ ಯಾರೂ ಸಹಿ ಹಾಕಬಾರದು.

ತೆಗೆದ ಚೀಲವನ್ನು ಪರೀಕ್ಷೆಗೆ ಕಳಿಸುತ್ತಾರೆ ಎಂಬ ಸಾಲಿಗೆ ಮನೆಯವರು ಕ್ಯಾನ್ಸರ್ ಎಂದು ಗಾಬರಿಯಾದರು. ತೆಗೆದ ಅಂಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು ರೂಢಿಯ ಕ್ರಮ ಎಂದ ಮೇಲೆ ಸುಮ್ಮನಾದರು.

ಎಲ್ಲ ಮುಗಿದ ಮೇಲೆ ಹುಡುಗಿ "ಅರ್ಥವಾಯ್ತಾ ದೊಡ್ಡಮ್ಮ?" ಎಂದು ಕೇಳಿದಳು. "ಆಯ್ತು" ಎಂಬ ಉತ್ತರ ಬಂತು. ಈ ಪ್ರಶ್ನೆಗೆ ಬೇರೆ ಉತ್ತರ ಎಂದೂ ಬರುವುದಿಲ್ಲ. ನಾನು, "ಊರಿನಲ್ಲಿ ತಂಗಿ ಕೇಳಿದರೆ ಏನು ಹೇಳುತ್ತೀರಿ?" ಎಂದೆ. "ಲಿವರ್ ಅಲ್ಲ, ಅದರ ಕೆಳಗಿನ ಚೀಲ ತೆಗೀತಾರೆ. ನಾಲ್ಕು ತೂತು. ಆಗ್ಲಿಲ್ಲ ಅಂದ್ರೆ ಹೊಟ್ಟೆ ತೆರೀತಾರೆ. ಪಕ್ಕದ ನಾಳಕ್ಕೆ ಏಟಾಗ್ಬೋದು, ಸಾವಿರಕ್ಕೆ ಮೂರೋ ಐದೋ ಜನಕ್ಕೆ. ಬೇರೇನಾದ್ರೂ ತೆಗೀಬೇಕಾದ್ರೆ ನನ್ನ ಕೇಳ್ಬೇಕು" ಎಂದರು. ಒಂದು ಮಾತ್ರ ಬಿಟ್ಟುಹೋಗಿತ್ತು. ಮನೆಗೆ ಹೋದ ಮೇಲೆ ಜ್ವರ, ಹೆಚ್ಚುತ್ತಾ ಹೋಗುವ ಹೊಟ್ಟೆನೋವು, ಕಣ್ಣು ಹಳದಿಯಾಗುವುದು, ಇವುಗಳಲ್ಲಿ ಯಾವುದು ಕಂಡರೂ ಅದು ಪಿತ್ತರಸ ಸೋರುತ್ತಿರುವ ಅಥವಾ ನಾಳ ಕಟ್ಟಿರುವ ಸೂಚನೆ ಇರಬಹುದು, ಅದೇ ದಿನ ಬರಬೇಕು. ಭುಜದಲ್ಲಿ ಒಂದೆರಡು ದಿನ ನೋವಿದ್ದರೆ ಅದು ತುಂಬಿದ ಅನಿಲದ್ದು, ಹೆದರಬೇಕಿಲ್ಲ. ಹುಡುಗಿ ಅದನ್ನು ಬೇರೆ ಚೀಟಿಯಲ್ಲಿ ಕನ್ನಡದಲ್ಲಿ ಬರೆದು ದೊಡ್ಡಪ್ಪನ ಜೇಬಿಗೆ ಹಾಕಿದಳು. 'ಯಾವ ಭಾಷೆಯಲ್ಲಿ ವಿವರಿಸಲಾಯಿತು' ಎಂಬ ಜಾಗದಲ್ಲಿ ಕನ್ನಡ ಎಂದು ತುಂಬಿ, ಓದಿ ಹೇಳಿದವಳೆಂದು ತನ್ನ ಹೆಸರು ಬರೆದಳು. ದೊಡ್ಡಮ್ಮ ಕನ್ನಡಕ ಕೇಳಿ ಹಾಕಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದರು.